ತಾರಸಿಯ ವಾಟಕ್ಕೆ ನೊರೆ ಕಾಂಕ್ರೀಟು

ಕೊಪ್ಪಳ, ಗದಗ, ವಿಜಯಪುರ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಒಂದು ಕೆಲಸ ತಪ್ಪದೆ ನಡೆಯುತ್ತಿತ್ತು. ಮನೆಯವರು ಮಾಳಿಗೆ ಹತ್ತಿ ಸವಳು ಮಣ್ಣು ಹರಡುತ್ತಿದ್ದರು. ನೀರು ಯಾವ ಕಡೆ ಹೋಗಬೇಕೋ ಆ ಕಡೆಗೆ ತುಸು ಇಳಿಜಾರು ಬರುವಂತೆ ಅದನ್ನು ತಟ್ಟಿ ಕೂರಿಸುತ್ತಿದ್ದರು. ಆ ಮಣ್ಣು ಮಳೆನೀರನ್ನು ಹೊರಗೆ ಸಾಗಿಸುತ್ತಿತ್ತು, ಬಿಸಿಲನ್ನು ಮೇಲೆಯೇ ತಡೆಯುತ್ತಿತ್ತು. ವೈಶಾಖದ ಮಧ್ಯಾಹ್ನ ಅಂಥ ಮನೆಯೊಳಗೆ ಕಾಲಿಟ್ಟವರಿಗೆ ಆ ತಂಪು ಗೊತ್ತು.

ಆರ್‌ಸಿಸಿ ಮೋಲ್ಡು ಬಂದ ಮೇಲೆ ಮಣ್ಣು ಹೋಯಿತು. ಮಣ್ಣು ಮಾಡುತ್ತಿದ್ದ ಎರಡು ಕೆಲಸ ಮಾತ್ರ ಹಾಗೆಯೇ ಉಳಿದವು. ಮೋಲ್ಡನ್ನು ಸಾಮಾನ್ಯವಾಗಿ ಸಮತಟ್ಟಾಗಿಯೇ ಹಾಕುತ್ತಾರೆ. ಅದರ ಮೇಲೆ ನೀರು ನಿಲ್ಲದಂತೆ ಗಾರೆಯವರು ಕೊಡುವ ಇಳಿಜಾರಿಗೆ ನಮ್ಮಲ್ಲಿ ‘ವಾಟ’ ಎನ್ನುತ್ತಾರೆ. ಈ ವಾಟವನ್ನು ಹಿಂದೆ ಸುಣ್ಣ–ಸುರ್ಕಿಯಲ್ಲಿ, ಆಮೇಲೆ ಇಟ್ಟಿಗೆ ಚೂರು ಜೋಡಿಸಿ, ಈಗ ಹೆಚ್ಚಾಗಿ ಸಿಮೆಂಟು–ಜಲ್ಲಿ ಕಾಂಕ್ರೀಟಿನಲ್ಲಿ ಮಾಡುತ್ತಾರೆ. ಇತ್ತೀಚೆಗೆ ಕಟ್ಟಡದವರ ಬಾಯಲ್ಲಿ ಕೇಳುತ್ತಿರುವ ಇನ್ನೊಂದು ಹೆಸರು ಫೋಮ್ ಕಾಂಕ್ರೀಟು, ಅಂದರೆ ನೊರೆ ಕಾಂಕ್ರೀಟು. ಸಿಮೆಂಟು ರಾಡಿಗೆ ಸೋಪಿನಂಥ ನೊರೆ ಬೆರೆಸಿ ಸುರಿದರೆ, ಒಣಗಿದ ಮೇಲೆ ಲಕ್ಷಾಂತರ ಸಣ್ಣ ಗಾಳಿಗುಳ್ಳೆ ತುಂಬಿದ ಹಗುರ ಕಲ್ಲಿನಂಥ ವಸ್ತು ಸಿಗುತ್ತದೆ. ಅದರಲ್ಲೇ ವಾಟ, ಅದರಲ್ಲೇ ತಂಪು ಎಂಬುದು ಮಾರುವವರ ಮಾತು. ವಾಟದ ಬಗ್ಗೆ ಆ ಮಾತು ಪೂರ್ತಿ ನಿಜ. ತಂಪಿನ ಬಗ್ಗೆ ನಿಜವೆಷ್ಟು ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು.

ಬೆಂಗಳೂರಿನ 30–40 ಸೈಟಿನ ಒಂದು ಮನೆಯನ್ನು ತೆಗೆದುಕೊಳ್ಳೋಣ. ಸುತ್ತ ಜಾಗ ಬಿಟ್ಟ ಮೇಲೆ ತಾರಸಿ 8 ಮೀಟರ್ ಅಗಲ, 10 ಮೀಟರ್ ಉದ್ದ ಉಳಿದಿದೆ ಎಂದಿಟ್ಟುಕೊಳ್ಳಿ. ಒಟ್ಟು 80 ಚದರ ಮೀಟರ್, ಸುಮಾರು 860 ಚದರಡಿ. ಮಳೆನೀರಿನ ಪೈಪುಗಳು ಎರಡೂ ಒಂದೇ ಉದ್ದ ಬದಿಯಲ್ಲಿವೆ. ಆದ್ದರಿಂದ ನೀರು 8 ಮೀಟರ್ ಹರಿದು ಬರಬೇಕು. ನೂರಕ್ಕೆ ಒಂದು ವಾಟ ಎಂದರೆ ಒಂದು ಮೀಟರಿಗೆ 10 ಮಿ.ಮೀ. ಇಳಿತ. ಎಂಟು ಮೀಟರಿಗೆ 80 ಮಿ.ಮೀ. ಆಯಿತು. ಪೈಪಿನ ಕಡೆ ಕನಿಷ್ಠ 40 ಮಿ.ಮೀ. ದಪ್ಪ ಇಡಲೇಬೇಕು. ಅದಕ್ಕಿಂತ ತೆಳುವಾದರೆ ನೊರೆ ಕಾಂಕ್ರೀಟು ಬಿರಿದು ಪುಡಿಯಾಗುತ್ತದೆ. ಹಾಗಾಗಿ ಇತ್ತ 40, ಅತ್ತ 120, ಸರಾಸರಿ 80 ಮಿ.ಮೀ. ನೀರನ್ನು ಪೈಪಿನ ಬಾಯಿಗೆ ತಿರುಗಿಸುವ ಸಣ್ಣಪುಟ್ಟ ತಿದ್ದುಪಡಿ ಬಿಟ್ಟರೆ ಬೇಕಾಗುವ ಮಾಲು 6.4 ಘನ ಮೀಟರ್.

ಇದನ್ನು ಮಾಮೂಲಿ ಜಲ್ಲಿ ಕಾಂಕ್ರೀಟಿನಲ್ಲಿ ಮಾಡಿದರೆ ತೂಕ 14ರಿಂದ 15 ಟನ್. ಒಂದು ಚದರ ಮೀಟರಿಗೆ ಸರಾಸರಿ 180 ಕೆ.ಜಿ.ಗೂ ಮೇಲೆ, ದಪ್ಪದ ಬದಿಯಲ್ಲಿ 270 ಕೆ.ಜಿ.ಯಷ್ಟು. ಜನ ಓಡಾಡುವ ತಾರಸಿಗೆ ಜನರ, ಸಾಮಾನಿನ ಭಾರವೆಂದು ನಮ್ಮ ಐಎಸ್ 875 ಸಂಹಿತೆ ಹಿಡಿಯುವುದು ಚದರ ಮೀಟರಿಗೆ ಸುಮಾರು 150 ಕೆ.ಜಿ. ಅಂದರೆ ಒಂದು ಮದುವೆ ಊಟಕ್ಕೆ ಸೇರುವ ಜನರಿಗೆಂದು ಹಿಡಿದ ಭಾರಕ್ಕಿಂತ ಹೆಚ್ಚನ್ನು ವಾಟವೊಂದೇ, ಅದೂ ಹಗಲಿರುಳು, ಮೋಲ್ಡಿನ ಮೇಲೆ ಹೊರಿಸುತ್ತದೆ. ಹೊಸ ಮನೆಯಾದರೆ ಎಂಜಿನಿಯರು ಅದನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಮೂವತ್ತು ವರ್ಷದ ಹಳೆಯ ಮನೆಗೆ ಸೋರಿಕೆ ನಿಲ್ಲಿಸಲೆಂದು ಹಳೆಯ ಪದರದ ಮೇಲೆಯೇ ಮತ್ತೊಂದು ಪದರ ಏರಿಸಿದಾಗ ಆ ಲೆಕ್ಕ ಯಾರೂ ಮಾಡಿರುವುದಿಲ್ಲ.

ಅದೇ 6.4 ಘನ ಮೀಟರನ್ನು 600 ಸಾಂದ್ರತೆಯ, ಎಂದರೆ ಒಣಗಿದಾಗ ಘನ ಮೀಟರಿಗೆ 600 ಕೆ.ಜಿ. ತೂಗುವ ನೊರೆ ಕಾಂಕ್ರೀಟಿನಲ್ಲಿ ಮಾಡಿದರೆ ತೂಕ 4 ಟನ್ನಿಗೂ ಕಡಿಮೆ. ಆದರೆ ಅಲ್ಲಿಗೆ ಲೆಕ್ಕ ಮುಗಿಯಲಿಲ್ಲ. 600ರ ನೊರೆ ಕಾಂಕ್ರೀಟಿನ ಬಲ ಮೋಲ್ಡಿನ ಕಾಂಕ್ರೀಟಿನ ಇಪ್ಪತ್ತನೇ ಒಂದು ಭಾಗದಷ್ಟೂ ಇರುವುದು ಕಷ್ಟ. ಮೊಳೆಯಿಂದ ಗೀರಿದರೆ ಗೆರೆ ಬೀಳುತ್ತದೆ, ಕುರ್ಚಿಯ ಕಾಲು ಊರಿದರೆ ತಗ್ಗು ಬೀಳುತ್ತದೆ. ಆದ್ದರಿಂದ ಅದರ ಮೇಲೆ 30 ಮಿ.ಮೀ.ನಷ್ಟು ಗಟ್ಟಿ ಗಾರೆಯ ಹೊದಿಕೆ ಬೇಕೇ ಬೇಕು. ಅದು ಸುಮಾರು 5 ಟನ್. ಎರಡೂ ಸೇರಿ 9 ಟನ್ ಆಯಿತು. ‘ಕಾಲು ಭಾಗ ತೂಕ’ ಎಂದು ಜಾಹೀರಾತಿನಲ್ಲಿ ಓದಿದವರು ಇದನ್ನು ಗಮನಿಸಬೇಕು. ಮನೆಯ ಮೇಲೆ ನಿಜವಾಗಿ ಇಳಿಯುವ ಭಾರ ಐದರಿಂದ ಆರು ಟನ್. ಅದೂ ಸಣ್ಣದೇನಲ್ಲ, ಹಳೆಯ ಮನೆಗಂತೂ ದೊಡ್ಡ ಉಪಕಾರ.

ಇನ್ನು ಇದನ್ನು ಮಾಡುವ ಬಗೆ. ನೊರೆಯನ್ನು ಬೇರೆಯಾಗಿ, ಸಿಮೆಂಟು ರಾಡಿಯನ್ನು ಬೇರೆಯಾಗಿ ತಯಾರಿಸಿ ಕೊನೆಗೆ ಬೆರೆಸುವುದು ಸರಿಯಾದ ಕ್ರಮ. ನೊರೆಯ ದ್ರವ ಎರಡು ಬಗೆಯದು. ಪ್ರಾಣಿಗಳ ಕೊಂಬು–ಗೊರಸಿನ ಪ್ರೋಟೀನಿನಿಂದ ಮಾಡಿದ್ದು ಒಂದು, ಸೋಪಿನ ಪುಡಿಯ ಜಾತಿಯ ರಾಸಾಯನಿಕದಿಂದ ಮಾಡಿದ್ದು ಇನ್ನೊಂದು. ಇದನ್ನು ಕಂಪನಿ ಹೇಳಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಕಂಪ್ರೆಸರಿನ ಗಾಳಿಯೊಂದಿಗೆ ಯಂತ್ರದ ಮೂಲಕ ಹಾಯಿಸಿದಾಗ ಕೊಳವೆಯ ತುದಿಯಲ್ಲಿ ದಟ್ಟ ಬಿಳಿ ನೊರೆ ಬರುತ್ತದೆ. ಕ್ಷೌರದಂಗಡಿಯ ನೊರೆ ನೆನಪಿಸಿಕೊಳ್ಳಿ, ಹಾಗಿರಬೇಕು. ಅನುಭವಿ ಕೆಲಸಗಾರ ಅದನ್ನು ಬಕೆಟ್ಟಿಗೆ ತುಂಬಿ ತಲೆಕೆಳಗು ಮಾಡಿ ಹಿಡಿಯುತ್ತಾನೆ. ನೊರೆ ಜಾರದೆ ಅಂಟಿಕೊಂಡಿದ್ದರೆ ಕೆಲಸಕ್ಕೆ ಬಂತು. ಜಾರಿ ಬಿದ್ದರೆ, ಅಥವಾ ಬಕೆಟ್ಟಿನ ತಳದಲ್ಲಿ ಸ್ವಲ್ಪ ಹೊತ್ತಿಗೇ ನೀರು ಇಳಿದಿದ್ದರೆ, ಆ ನೊರೆ ಸಿಮೆಂಟು ಗಟ್ಟಿಯಾಗುವ ತನಕ ಉಳಿಯುವುದಿಲ್ಲ.

600ರ ಸಾಂದ್ರತೆಗೆ ಬರಿಯ ಸಿಮೆಂಟಿನಲ್ಲಿ ಮಾಡುವುದಾದರೆ ಘನ ಮೀಟರಿಗೆ ಸುಮಾರು 500 ಕೆ.ಜಿ. ಸಿಮೆಂಟು, 250 ಲೀಟರ್ ನೀರು, 590 ಲೀಟರ್‌ನಷ್ಟು ನೊರೆ ಬೇಕು. ಅರ್ಧಕ್ಕಿಂತ ಹೆಚ್ಚು ಜಾಗ ಗಾಳಿಯದೇ. ಆದರೆ ಸಿಮೆಂಟನ್ನು ನೋಡಿ: ಘನ ಮೀಟರಿಗೆ ಹತ್ತು ಚೀಲ, ನಮ್ಮ ತಾರಸಿಗೆ 64 ಚೀಲ. ಒಂದಕ್ಕೆರಡು–ನಾಲ್ಕರ ಮಾಮೂಲಿ ಕಾಂಕ್ರೀಟಿಗೆ ಹೋಗುವುದು ನಲವತ್ತು ಚಿಲ್ಲರೆ ಚೀಲ. ಹಗುರವಾಗಿದೆ ಎಂದ ಮಾತ್ರಕ್ಕೆ ಅಗ್ಗವಾಗಿರುತ್ತದೆ ಎಂದುಕೊಳ್ಳಬಾರದು. ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಒಂದು ಭಾಗ ಸಿಮೆಂಟಿನ ಬದಲು ಹಾಕಿದರೆ ಖರ್ಚು ಇಳಿಯುತ್ತದೆ. ಬಲ ಬರಲು ಮಾತ್ರ ಇನ್ನೂ ಕೆಲವು ದಿನ ಕಾಯಬೇಕು.

ಇಡೀ ಕೆಲಸದಲ್ಲಿ ಮನೆಯೊಡೆಯರು ಕಣ್ಣಾರೆ ನೋಡಲೇಬೇಕಾದ ಒಂದು ಗಳಿಗೆಯಿದೆ. ಅದು ಬಕೆಟ್ ತೂಗುವುದು. ಹತ್ತು ಲೀಟರ್ ಹಿಡಿಯುವ ಬಕೆಟ್ಟಿಗೆ ಹಸಿ ಮಾಲನ್ನು ಅಂಚಿನವರೆಗೆ ತುಂಬಿ, ಪಟ್ಟಿಯಿಂದ ಸವರಿ, ತಕ್ಕಡಿಯ ಮೇಲಿಡುತ್ತಾರೆ. ಬಕೆಟ್ಟಿನ ತೂಕ ಕಳೆದು 7.9 ಕೆ.ಜಿ. ಆಸುಪಾಸು ಬಂದರೆ ಒಣಗಿದ ಮೇಲೆ 600 ಬರುತ್ತದೆ. ಒಂಬತ್ತೂವರೆ ಬಂದರೆ ನೊರೆ ಒಡೆದಿದೆ ಅಥವಾ ಕಡಿಮೆ ಹಾಕಿದ್ದಾರೆ. ಐದೂವರೆ ಬಂದರೆ ಮಾಲು ಉಳಿಸಲು ನೊರೆ ಹೆಚ್ಚು ತುಂಬಿದ್ದಾರೆ, ಆ ಪದರ ನಾಳೆ ಬೆರಳಿಗೆ ಪುಡಿಯಾಗುತ್ತದೆ. ಈ ತೂಕವನ್ನು ಎರಡು ಕಡೆ ಮಾಡಬೇಕು: ಕೆಳಗೆ ಮಿಕ್ಸರಿನ ಬಾಯಲ್ಲಿ, ಮೇಲೆ ತಾರಸಿಯಲ್ಲಿ ಪೈಪಿನ ತುದಿಯಲ್ಲಿ. ಉದ್ದ ಪೈಪಿನಲ್ಲಿ ಒತ್ತಡಕ್ಕೆ ಸಿಕ್ಕಿ ನೊರೆ ಒಡೆಯುವುದುಂಟು. ಕೆಳಗಿಗಿಂತ ಮೇಲೆ ತೂಕ ಗಣನೀಯವಾಗಿ ಹೆಚ್ಚಿದ್ದರೆ ಗಾಳಿ ದಾರಿಯಲ್ಲೇ ಕಳೆದುಹೋಗಿದೆ ಎಂದರ್ಥ. ಇದಕ್ಕೆ ಬೇಕಾದದ್ದು ಒಂದು ಬಕೆಟ್, ಒಂದು ತಕ್ಕಡಿ, ಐದು ನಿಮಿಷ. ಆದರೂ ಸಣ್ಣ ಮನೆಗಳ ಕೆಲಸದಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇದೇ.

ಅದೇ ಮಾಲಿನಿಂದ 150 ಮಿ.ಮೀ. ಅಚ್ಚಿನಲ್ಲಿ ಮೂರು ಗಟ್ಟಿ ತೆಗೆದಿಡುವುದೂ ಒಳ್ಳೆಯದು. ಪೂರ್ತಿ ಒಣಗಿದ ಮೇಲೆ ಒಂದೊಂದೂ ಸುಮಾರು ಎರಡು ಕೆ.ಜಿ. ತೂಗಬೇಕು. ಮಾಮೂಲಿ ಕಾಂಕ್ರೀಟಿನದಾದರೆ ಎಂಟು ಕೆ.ಜಿ. ಇರುತ್ತದೆ.

ಸುರಿಯುವ ಮೊದಲು ಮೋಲ್ಡಿನ ಮೇಲೆ ವಾಟದ ಗುರುತು ಹಾಕಬೇಕು. ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ತೆಗೆದು, ಎರಡು ಎರಡೂವರೆ ಮೀಟರಿಗೊಂದರಂತೆ ಗಾರೆಯ ಬೊಟ್ಟು ಇಟ್ಟು, ದಾರ ಕಟ್ಟುತ್ತಾರೆ. ಇಲ್ಲಿ ನೊರೆ ಕಾಂಕ್ರೀಟಿನ ಒಂದು ಹಟವನ್ನು ತಿಳಿದಿರಬೇಕು. ಅದು ದೋಸೆ ಹಿಟ್ಟಿನಂತೆ ತಾನಾಗಿ ಹರಡಿಕೊಳ್ಳುತ್ತದೆ. ಮನೆಯೊಳಗಿನ ನೆಲಕ್ಕೆ ಈ ಗುಣ ವರ. ಇಳಿಜಾರು ಬೇಕಾದ ತಾರಸಿಯಲ್ಲಿ ಇದೇ ತೊಡಕು, ಏಕೆಂದರೆ ಎತ್ತರದ ಬದಿಯಿಂದ ಮಾಲು ಮೆಲ್ಲಗೆ ತಗ್ಗಿಗೆ ಸರಿದು ಇಡೀ ತಾರಸಿ ಸಮತಟ್ಟಾಗಿಬಿಡಬಹುದು. ನೂರಕ್ಕೆ ಒಂದರ ವಾಟವನ್ನು ತುಸು ಗಟ್ಟಿ ಮಾಲಿನಲ್ಲಿ ಹಿಡಿದು ನಿಲ್ಲಿಸಬಹುದು. ಇದಕ್ಕಿಂತ ಕಡಿದಾಗಿ ಬೇಕೆಂದರೆ ಕಷ್ಟ ಹೆಚ್ಚುತ್ತದೆ. ಹಾಗಾಗಿ ತಾರಸಿಯನ್ನು ಉದ್ದ ಪಟ್ಟಿಗಳಾಗಿ ವಿಂಗಡಿಸಿ, ತಗ್ಗಿನ ಕಡೆಯಿಂದ ಶುರುಮಾಡಿ ಎತ್ತರಕ್ಕೆ ಹೋಗುತ್ತಾ, ಅಲ್ಯೂಮಿನಿಯಂ ಪಟ್ಟಿಯಿಂದ ಎಳೆದು ಮಟ್ಟ ಮಾಡುತ್ತಾರೆ. ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪು ಮಾಡುವ ಅಭ್ಯಾಸ ಇಲ್ಲಿ ಸಲ್ಲದು. ತಿಕ್ಕಿದಷ್ಟೂ ಗುಳ್ಳೆ ಒಡೆಯುತ್ತದೆ.

ಮರುದಿನ ಬೆಳಿಗ್ಗೆ ಮೊದಲು ನೋಡಬೇಕಾದದ್ದು ಪ್ಯಾರಾಪೆಟ್ ಗೋಡೆಯನ್ನು. ರಾತ್ರಿ ಸುರಿದ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದಿಟ್ಟಿದ್ದರೆ ಸಾಕು. 120 ಮಿ.ಮೀ. ಇದ್ದ ಕಡೆ ಮಾಲು ಗೆರೆಯಿಂದ ಎರಡು ಬೆರಳು ಕೆಳಗಿಳಿದಿದ್ದರೆ ಒಳಗೆ ನೊರೆ ಕುಸಿದಿದೆ. ಅಲ್ಲಿ ವಾಟವೂ ಕೆಟ್ಟಿತು, ತಂಪೂ ಹೋಯಿತು. ಮೇಲೆ ಗಾರೆ ಬಳಿದು ಮಟ್ಟ ಸರಿಮಾಡುತ್ತೇವೆ ಎಂದು ಕೆಲಸದವರು ಹೇಳುತ್ತಾರೆ. ಹಾಗೆ ಮಾಡಿದರೆ ಇಳಿಸಿದ ಭಾರವನ್ನೇ ಮತ್ತೆ ಏರಿಸಿದಂತಾಗುತ್ತದೆ. ಕುಸಿದ ಪಟ್ಟಿಯನ್ನು ಅಂದೇ ಕೆರೆದು ತೆಗೆಸಿ ಹೊಸದಾಗಿ ಹಾಕಿಸುವುದೇ ಸರಿ.

ಈಗ ತಂಪಿನ ಮಾತು. ಛಾವಣಿಯ ಮೂಲಕ ಎಷ್ಟು ಶಾಖ ಇಳಿಯುತ್ತದೆ ಎಂಬುದನ್ನು ಎಂಜಿನಿಯರುಗಳು ಯು-ಮೌಲ್ಯವೆಂಬ ಅಂಕಿಯಲ್ಲಿ ಹೇಳುತ್ತಾರೆ. ಹೊರಗೂ ಒಳಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಿಂದ ಇಳಿಯುವ ಶಾಖವೇ ಅದು. ಕಡಿಮೆಯಿದ್ದಷ್ಟೂ ಮನೆ ತಂಪು. ಐದು ಇಂಚಿನ ಬರಿಯ ಮೋಲ್ಡಿಗೆ ಇದು 3.3ರ ಹತ್ತಿರ. ಅದರ ಮೇಲೆ 600ರ ನೊರೆ ಕಾಂಕ್ರೀಟು ಸರಾಸರಿ 80 ಮಿ.ಮೀ. ಬಿದ್ದು, ಮೇಲೆ ಗಾರೆ ಹೊದಿಕೆ ಬಂದರೆ 1.2ರ ಹತ್ತಿರಕ್ಕೆ ಇಳಿಯುತ್ತದೆ. ಅಂದರೆ ಇಳಿದು ಬರುತ್ತಿದ್ದ ಶಾಖದಲ್ಲಿ ಐದರಲ್ಲಿ ಮೂರು ಪಾಲು ನಿಂತಿತು. ಅಷ್ಟೇ ದಪ್ಪದ ಇಟ್ಟಿಗೆ ಚೂರಿನ ಪದರದಿಂದ ನಿಲ್ಲುವುದು ಕಾಲು ಪಾಲು. ವಸತಿ ಕಟ್ಟಡಗಳಿಗೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ಛಾವಣಿಗೆ ಇಟ್ಟಿರುವ ಮಿತಿಯೂ 1.2. ಆ ಸಂಹಿತೆ 30–40 ಸೈಟಿನ ಮನೆಗೆ ಅನ್ವಯಿಸುವುದಿಲ್ಲ, ಆದರೆ ಅಳತೆಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಆದರೆ ‘ಸರಾಸರಿ’ ಎಂಬ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ವಾಟ ಎಂದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ದಪ್ಪದ ಬದಿಯಲ್ಲಿ ಯು-ಮೌಲ್ಯ 0.9ರಷ್ಟಿದ್ದರೆ ಪೈಪಿನ ಕಡೆಯ ತೆಳು ಬದಿಯಲ್ಲಿ 1.7ಕ್ಕೂ ಮೇಲಿರುತ್ತದೆ. ಒಂದೇ ತಾರಸಿಯ ಕೆಳಗೆ, ಒಂದೇ ಬಿಸಿಲಿಗೆ, ಪೈಪಿನ ಕಡೆಯ ಕೋಣೆಗೆ ಇನ್ನೊಂದರ ಇಮ್ಮಡಿಗೆ ಹತ್ತಿರದಷ್ಟು ಶಾಖ ಇಳಿಯುತ್ತದೆ. ಮಳೆನೀರಿನ ಪೈಪು ಎಲ್ಲಿ ಬರಬೇಕೆಂದು ನಕ್ಷೆಯಲ್ಲಿ ತೀರ್ಮಾನಿಸುವಾಗಲೇ ಮಲಗುವ ಕೋಣೆ ಎತ್ತರದ ಬದಿಗೆ, ಮೆಟ್ಟಿಲು, ಬಚ್ಚಲು, ಉಗ್ರಾಣ ತಗ್ಗಿನ ಬದಿಗೆ ಬರುವಂತೆ ನೋಡಿಕೊಂಡರೆ ಬಿಡಿಗಾಸು ಖರ್ಚಿಲ್ಲದೆ ಲಾಭವಾಗುತ್ತದೆ. ಇಷ್ಟು ಸರಳವಾದ ವಿಷಯವನ್ನೂ ನಕ್ಷೆ ಬರೆಯುವಾಗ ಯಾರೂ ಯೋಚಿಸದಿರುವುದು ಬೇಸರದ ಸಂಗತಿ.

ಇನ್ನೊಂದು ಹೋಲಿಕೆಯನ್ನೂ ಹೇಳಬೇಕು. 80 ಮಿ.ಮೀ. ನೊರೆ ಕಾಂಕ್ರೀಟು ತಡೆಯುವಷ್ಟು ಶಾಖವನ್ನು 18 ಮಿ.ಮೀ. ಥರ್ಮಾಕೋಲ್ ಹಲಗೆ ತಡೆಯುತ್ತದೆ. ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ, ಬೇಸಿಗೆ 40 ಡಿಗ್ರಿ ದಾಟುವ ಕಡೆ, ನೊರೆ ಕಾಂಕ್ರೀಟನ್ನೇ ನಂಬಿ ಕೂತರೆ ಸಾಲದು. ಅಲ್ಲಿ ನಿರೋಧಕ ಹಲಗೆಯನ್ನೂ ಸೇರಿಸಬೇಕು. ಇಲ್ಲವೇ ಕೊನೆಯ ಹೊದಿಕೆಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನಾದರೂ ಬಳಿಯಬೇಕು. ಬೆಂಗಳೂರು, ಮೈಸೂರಿನ ಹವೆಗೆ ನೊರೆ ಕಾಂಕ್ರೀಟಿನ ಜೊತೆ ಆ ಬಿಳಿ ಬಣ್ಣವೊಂದಿದ್ದರೆ ಸಾಕಾಗುತ್ತದೆ.

ಈ ಅಂಕಿಗಳೆಲ್ಲ ಒಣಗಿದ ನೊರೆ ಕಾಂಕ್ರೀಟಿನವು. ಗುಳ್ಳೆಯೊಳಗಿನ ಗಾಳಿಗಿಂತ ನೀರು ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ನೆನೆದ ಪದರ ಹೆಸರಿಗಷ್ಟೇ ತಂಪಿನ ಪದರ. ಸಮಸ್ಯೆ ಹುಟ್ಟುವುದು ಮಳೆಯಿಂದ ಮಾತ್ರವಲ್ಲ, ಸುರಿದ ದಿನವೇ ಅದರಲ್ಲಿ ನೀರಿರುತ್ತದೆ. ನಮ್ಮ ತಾರಸಿಯ ಲೆಕ್ಕಕ್ಕೇ ಬಂದರೆ, ಬೆರೆಸಿದ ನೀರು, ನೊರೆಯ ನೀರು ಎರಡನ್ನೂ ಕೂಡಿ, ಸಿಮೆಂಟು ಗಟ್ಟಿಯಾಗಲು ಬಳಸಿಕೊಳ್ಳುವಷ್ಟನ್ನು ಕಳೆದರೆ, ಉಳಿಯುವುದು ಸುಮಾರು 1200 ಲೀಟರ್. ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕು ತುಂಬಿ ಮಿಗುವಷ್ಟು ನೀರು ಆ ಪದರದೊಳಗೆ ಕೂತಿರುತ್ತದೆ. ಅದರ ಬಹುಪಾಲು ಮೇಲ್ಮುಖವಾಗಿಯೇ ಆರಿ ಹೋಗಬೇಕು. ವಾರದೊಳಗೆ ಮೇಲೆ ಟಾರಿನ ಹಾಳೆ ಅಂಟಿಸಿ, ಟೈಲ್ಸ್ ಹಾಕಿ ಮುಚ್ಚಿದರೆ ಆ ನೀರಿಗೆ ದಾರಿಯೇ ಇಲ್ಲ. ಬೇಸಿಗೆಯಲ್ಲಿ ಅದು ಆವಿಯಾಗಿ ಹಾಳೆಯನ್ನು ಹಪ್ಪಳದಂತೆ ಉಬ್ಬಿಸುತ್ತದೆ.

ಒಣಗಿದೆಯೇ ಎಂದು ತಿಳಿಯಲು ಮನೆಯವರೇ ಮಾಡಬಹುದಾದ ಪರೀಕ್ಷೆಯಿದೆ. ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ದಪ್ಪದ ಬದಿಯಲ್ಲಿ ಹಾಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಂಡರೆ, ಅಥವಾ ಕೆಳಗಿನ ಮಾಲು ಕಪ್ಪಗೆ ಕಂಡರೆ, ಇನ್ನೂ ಕಾಯಬೇಕು. ಅದಕ್ಕೇ ಈ ಕೆಲಸಕ್ಕೆ ನಮ್ಮಲ್ಲಿ ಫೆಬ್ರವರಿ, ಮಾರ್ಚ್ ತಿಂಗಳು ಪ್ರಶಸ್ತ. ಮುಂಗಾರು ಬಾಗಿಲಲ್ಲಿರುವಾಗ ಹಾಕಿಸಬಾರದು. ಮೊದಲ ಮೂರ್ನಾಲ್ಕು ದಿನ ಬಿಸಿಲಿಗೆ ತಟ್ಟನೆ ಒಣಗದಂತೆ ಪ್ಲಾಸ್ಟಿಕ್ ಹೊದಿಸಬೇಕು, ಆಮೇಲೆ ತೆಗೆದು ಆರಲು ಬಿಡಬೇಕು. ಮೋಲ್ಡಿಗೆ ಮಾಡುವಂತೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದಂತೂ ಬೇಡವೇ ಬೇಡ.

ನೊರೆ ಕಾಂಕ್ರೀಟು ಸೋರಿಕೆ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬಾರದು. ಅದು ನೀರು ಕುಡಿಯುವ ವಸ್ತು. ಒಣಗುವಾಗ ಕುಗ್ಗುವುದೂ ಮಾಮೂಲಿ ಕಾಂಕ್ರೀಟಿಗಿಂತ ಹಲವು ಪಟ್ಟು ಹೆಚ್ಚು, ಹಾಗಾಗಿ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಬಿಟ್ಟೇ ಬಿಡುತ್ತದೆ. ಸೋರಿಕೆ ತಡೆಯುವ ಲೇಪವನ್ನು ಮೊದಲೇ ಮೋಲ್ಡಿನ ಮೇಲೆ ಬಳಿದು, ಪ್ಯಾರಾಪೆಟ್ ಗೋಡೆಗೂ ಒಂದಡಿ ಹತ್ತಿಸಿ, ಎರಡು ಮೂರು ದಿನ ನೀರು ನಿಲ್ಲಿಸಿ ಕೆಳಗೆ ತೇವ ಬರುತ್ತದೆಯೇ ನೋಡಬೇಕು. ಆ ಪರೀಕ್ಷೆ ಗೆದ್ದ ಮೇಲೆಯೇ ನೊರೆ ಕಾಂಕ್ರೀಟು. ಅದು ಆರಿದ ಮೇಲೆ ನಾರು ಬೆರೆಸಿದ 30 ಮಿ.ಮೀ. ಗಾರೆಯನ್ನು ಮೂರು ಮೀಟರಿನ ಚೌಕಗಳಾಗಿ, ನಡುವೆ ಸಂದು ಬಿಟ್ಟು ಹಾಕಬೇಕು. ಮಳೆ ನೀರು ಒಳಗೆ ಇಳಿಯದಂತೆ ಆ ಸಂದುಗಳನ್ನು ಹಿಗ್ಗಿ ಕುಗ್ಗುವ ಅಂಟಿನಿಂದ ತುಂಬಬೇಕು. ಗಾರೆಯೂ ಆರಿದ ಮೇಲೆ ಕೊನೆಗೆ ಬಿಳಿ ಬಣ್ಣ. ಕೆಳಗೆ ಲೇಪ ಹಾಕಿದರೆ ಮುಂದೆ ಸೋರಿದಾಗ ಜಾಗ ಹುಡುಕುವುದು ಕಷ್ಟ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಬಿಸಿಲು, ಓಡಾಟ ತಗಲದೆ ಲೇಪ ಬಹುಕಾಲ ಬಾಳುವುದು ಅಲ್ಲಿಯೇ.

ಇನ್ನು ತಾರಸಿಯ ಮೇಲೆ ನಿಲ್ಲುವ ಸಾಮಾನುಗಳು. ನೀರಿನ ಟ್ಯಾಂಕು, ಸೋಲಾರ್ ಹೀಟರಿನ ಕಾಲು, ಬಟ್ಟೆ ಒಣಗಿಸುವ ಕಂಬ, ಇವು ಯಾವುದನ್ನೂ ನೊರೆ ಕಾಂಕ್ರೀಟಿನ ಮೇಲೆ ಊರುವಂತಿಲ್ಲ. ಅವಕ್ಕೆ ಮೋಲ್ಡಿನಿಂದಲೇ ಸಣ್ಣ ಕಟ್ಟೆ ಎಬ್ಬಿಸಿ, ಅದಕ್ಕೂ ಲೇಪ ಹತ್ತಿಸಿ, ಸುತ್ತ ಮಾಲು ಸುರಿಯಬೇಕು. ಮೆಟ್ಟಿಲ ಕೋಣೆಯ ಬಾಗಿಲಿನ ಹೊಸಿಲನ್ನೂ ಮೊದಲೇ ಅಳೆದು ನೋಡಿ. ದಪ್ಪದ ಬದಿಯಲ್ಲಿ ಮಾಲು, ಗಾರೆ ಸೇರಿ 150 ಮಿ.ಮೀ. ಏರುತ್ತದೆ. ಹೊಸಿಲು ಅದಕ್ಕಿಂತ ತಗ್ಗಿದ್ದರೆ ಮೊದಲ ದೊಡ್ಡ ಮಳೆಗೇ ನೀರು ಮೆಟ್ಟಿಲಿಳಿಯುತ್ತದೆ.

ಗುತ್ತಿಗೆದಾರರಿಂದ ದರಪಟ್ಟಿ ತರಿಸುವಾಗ ‘ಫೋಮ್ ಕಾಂಕ್ರೀಟು, ಚದರಡಿಗೆ ಇಷ್ಟು’ ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. ಒಣ ಸಾಂದ್ರತೆ ಎಷ್ಟು, ಪೈಪಿನ ಬಳಿ ದಪ್ಪ ಎಷ್ಟು, ವಾಟ ನೂರಕ್ಕೆ ಎಷ್ಟು, ಮೇಲಿನ ಗಾರೆ ಆ ದರದಲ್ಲಿ ಸೇರಿದೆಯೇ ಎಂಬುದನ್ನು ಅದೇ ಕಾಗದದಲ್ಲಿ ಬರೆಸಿಕೊಳ್ಳಿ. ಕೆಲಸದ ದಿನ ಒಂದು ತಕ್ಕಡಿ, ಒಂದು ಬಕೆಟ್ ಹಿಡಿದು ನೀವೇ ತಾರಸಿಯ ಮೇಲಿರಿ.